ಹಳೇ ಮ್ಯಾನೇಜರ್ ಹತ್ರ ರೆಫರೆನ್ಸ್ ಕೇಳೋದು ಹೇಗೆ? ಏಳು ಸಾಲಿನ ಮೆಸೇಜು, ಒಂದು ಪುಟದ ವಿವರ

ಇವತ್ತಿನ ಎಪಿಸೋಡು ಒಂದು ಮೆಸೇಜಿನ ಬಗ್ಗೆ. ನನ್ನ ಚಿಕ್ಕಮ್ಮನ ಮಗಳು ಒಂದು ಸಂಜೆ ಫೋನ್ ಮಾಡಿ, "ಅಣ್ಣ, ಹಳೇ ಸರ್‌ಗೆ ಮೆಸೇಜ್ ಹಾಕ್ಬೇಕು, ಎರಡು ದಿನದಿಂದ ಟೈಪ್ ಮಾಡ್ತೀನಿ, ಅಳಿಸ್ತೀನಿ" ಅಂದ್ಲು. ಏನು ಟೈಪ್ ಮಾಡಿದ್ದೀಯ ತೋರಿಸು ಅಂದೆ. ಸ್ಕ್ರೀನ್‌ಶಾಟ್ ಬಂತು. "ಹಾಯ್ ಸರ್, ಹೇಗಿದ್ದೀರಾ?" ಅಷ್ಟೇ.

ಮೊದಲು ಕಥೆ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲಿ ಎಷ್ಟೋ ಜನರ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೇ ಇರುತ್ತೆ. ಅವಳು ಹಾಲು ಸಂಸ್ಕರಣೆ ಮಾಡೋ ಒಂದು ಘಟಕದ ಕ್ವಾಲಿಟಿ ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿದ್ಲು. 2021ರ ಜೂನ್‌ನಿಂದ 2023ರ ನವೆಂಬರ್‌ವರೆಗೆ, ಎರಡು ವರ್ಷ ಐದು ತಿಂಗಳು. ಆಮೇಲೆ ಅವಳ ಅಮ್ಮನಿಗೆ ಆಪರೇಷನ್ ಆಯ್ತು, ಮನೇಲಿ ನೋಡ್ಕೊಳ್ಳೋಕೆ ಬೇರೆ ಯಾರೂ ಇರಲಿಲ್ಲ. ಒಂದು ತಿಂಗಳ ನೋಟಿಸ್ ಕೊಡಬೇಕಾದ ಕಡೆ ಹದಿನೈದು ದಿನಕ್ಕೇ ಹೊರಟಳು. ಅದೂ ಹಾಲು ಜಾಸ್ತಿ ಬರೋ ಕಾಲದಲ್ಲಿ. ಲ್ಯಾಬ್ ನೋಡ್ಕೊಳ್ತಿದ್ದ ಸರ್ "ಸರಿ" ಅಂತ ಒಂದೇ ಮಾತು ಹೇಳಿ ಸಹಿ ಹಾಕಿ ಕಳಿಸಿದ್ರು. ಆ "ಸರಿ" ಅವಳ ತಲೇಲಿ ಹಾಗೇ ಕೂತಿತ್ತು.

ಈಗ ಐರ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನದ ಎಂಎಸ್ಸಿಗೆ ಅರ್ಜಿ ಹಾಕ್ತಿದ್ದಾಳೆ. ಎರಡು ರೆಫರೆನ್ಸ್ ಬೇಕು. ಒಂದು ಕಾಲೇಜಿನ ಅಧ್ಯಾಪಕರಿಂದ, ಇನ್ನೊಂದು ಕೆಲಸದಲ್ಲಿ ಮೇಲ್ವಿಚಾರಣೆ ಮಾಡಿದವರಿಂದ. ಕೊನೇ ದಿನ ಜನವರಿ 31. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದಕ್ಕೆ ಅವಳು ಏನು ಮಾಡಿದ್ಲು ಗೊತ್ತಾ? ಸಂಕೋಚಕ್ಕೆ ಸರ್‌ನ ಕೇಳಲೇ ಇಲ್ಲ. ಅವರ ಹಳೇ ಆಫೀಸ್ ಮೇಲ್ ಐಡಿ ನೆನಪಿತ್ತು, ಅದನ್ನೇ ಪೋರ್ಟಲ್‌ನಲ್ಲಿ ಹಾಕಿ ಸೇವ್ ಮಾಡಿದ್ಲು. ಲಿಂಕ್ ಬಂದ್ರೆ ಅವರೇ ನೋಡ್ತಾರೆ, ನೋಡಿದ್ಮೇಲೆ ಬರೀತಾರೆ ಅಂತ ಲೆಕ್ಕ.

ನಿಮಗೆ ಗೊತ್ತಿರಲಿ, ಇಂಥ ಪೋರ್ಟಲ್‌ಗಳಲ್ಲಿ ಪತ್ರವನ್ನ ನಿಮ್ಮ ಕೈಗೆ ಕೊಡೋ ಪದ್ಧತಿ ಸಾಮಾನ್ಯವಾಗಿ ಇಲ್ಲ. ನೀವು ರೆಫರಿಯ ಹೆಸರು, ಹುದ್ದೆ, ಮೇಲ್ ಐಡಿ ತುಂಬ್ತೀರಿ. ಕೆಲವು ಕಡೆ ತಕ್ಷಣ, ಕೆಲವು ಕಡೆ ಅರ್ಜಿ ಸಲ್ಲಿಸಿದ ಮೇಲೆ, ವಿಶ್ವವಿದ್ಯಾಲಯದಿಂದ ನೇರವಾಗಿ ಅವರಿಗೆ ಒಂದು ಲಿಂಕ್ ಹೋಗುತ್ತೆ. ಅವರು ಅದರಲ್ಲೇ ಪತ್ರ ಅಪ್‌ಲೋಡ್ ಮಾಡ್ಬೇಕು. ಅಲ್ಲಿವರೆಗೆ ನಿಮ್ಮ ಪುಟದಲ್ಲಿ "ಬಾಕಿ ಇದೆ" ಅಂತ ತೋರಿಸ್ತಾ ಇರುತ್ತೆ. ಇವಳದ್ದು ಐದು ದಿನವಾದ್ರೂ ಬಾಕಿ ಇತ್ತು. ವಿಚಾರಿಸಿದ್ರೆ, ಸರ್ ಆ ಕಂಪನಿ ಬಿಟ್ಟು ಎಂಟು ತಿಂಗಳಾಗಿದೆ. ಲಿಂಕ್ ಯಾರೂ ತೆಗೆಯದ ಒಂದು ಡಬ್ಬಿಗೆ ಹೋಗಿ ಬಿದ್ದಿತ್ತು. ಅವತ್ತು ಜನವರಿ 9.

ನಿಜ ಹೇಳ್ತೀನಿ, ಲಿಂಕ್ ಕಳೆದುಹೋಗಿದ್ದು ಒಳ್ಳೇದೇ ಆಯ್ತು. ಕೇಳದೇ ಹೆಸರು ಕೊಟ್ಟು, ಯಾವುದೋ ವಿದೇಶದ ವಿಳಾಸದಿಂದ ದಿಢೀರಂತ ಲಿಂಕ್ ಬಂದಿದ್ರೆ ಅವರು ಅದನ್ನ ಮೋಸದ ಮೇಲ್ ಅಂದ್ಕೊಂಡು ಅಳಿಸ್ತಿದ್ರು. ಇಲ್ಲಾ, ಕೇಳೋ ಸೌಜನ್ಯಾನೂ ಇಲ್ವಲ್ಲ ಅಂತ ಬೇಸರ ಮಾಡ್ಕೊಳ್ತಿದ್ರು.

ಇನ್ನು ನನ್ನ ಕಡೆಯ ಅನುಭವ. ಮೈಕಿನ ಮುಂದೆ ಕೂರೋಕೆ ಮೊದಲು ನಾನು ಐದು ವರ್ಷ ಒಂದು ಆಫೀಸ್‌ನಲ್ಲಿ ಟೀಮ್ ಲೀಡ್ ಆಗಿದ್ದೆ. ಆಗ ಇಂಥ ಕೋರಿಕೆಗಳು ನನಗೂ ಬರ್ತಿದ್ವು. ಒಂದಂತೂ ಮರೆಯೋಕೇ ಆಗಲ್ಲ. ರಾತ್ರಿ ಹತ್ತೂವರೆಗೆ, "ಸರ್ ಪ್ಲೀಸ್, ಎಲ್‌ಒಆರ್ ಬೇಕು, ಅರ್ಜೆಂಟ್, ನಾಳೆ ಲಾಸ್ಟ್ ಡೇಟ್." ಹುಡುಗ ಒಳ್ಳೆಯವನು, ಕೆಲಸಗಾರ. ಕೊಡಲೇಬೇಕು ಅಂತ ಲ್ಯಾಪ್‌ಟಾಪ್ ತೆಗೆದು ಕೂತೆ. ಅವನ ಮುಖ ನೆನಪಿದೆ, ಚಹಾ ಹೇಗೆ ಕುಡೀತಿದ್ದ ಅನ್ನೋದೂ ನೆನಪಿದೆ. ಆದ್ರೆ ಯಾವ ತಿಂಗಳು ಸೇರಿದ? ಬಿಡುವಾಗ ಅವನ ಹುದ್ದೆಯ ಹೆಸರೇನಿತ್ತು? ಆ ದೊಡ್ಡ ಕೆಲಸದಲ್ಲಿ ಅವನ ಪಾಲು ಎಷ್ಟು, ಪಕ್ಕದವನ ಪಾಲು ಎಷ್ಟು? ಒಂದೂ ಖಚಿತವಾಗಿ ಗೊತ್ತಿಲ್ಲ. ಕೊನೆಗೆ ನಾನು ಬರೆದಿದ್ದು ಏನು? ಶ್ರಮಜೀವಿ, ಪ್ರಾಮಾಣಿಕ, ಎಲ್ಲರ ಜೊತೆ ಹೊಂದಿಕೊಂಡು ಹೋಗುವವ. ಮದುವೆ ಬ್ರೋಕರ್ ಹುಡುಗನ ಬಗ್ಗೆ ಹೇಳ್ತಾನಲ್ಲ, ಹಂಗೆ.

ಅವತ್ತು ಅರ್ಥವಾಗಿದ್ದು ಇದು. ಮ್ಯಾನೇಜರ್ ನಿಮ್ಮನ್ನ ಮರೆತಿರಲ್ಲ, ನಿಮ್ಮ ಕೆಲಸದ ವಿವರಗಳನ್ನ ಮರೆತಿರ್ತಾರೆ. ವಿವರ ಇಲ್ಲದಿದ್ರೆ ಹೊಗಳಿಕೆ ಮಾತ್ರ ಬರೀತಾರೆ, ಮತ್ತು ಬರೀ ಹೊಗಳಿಕೆಯ ಪತ್ರ ಓದೋ ಕಡೆಯವರಿಗೆ ಏನನ್ನೂ ಹೇಳಲ್ಲ, ಯಾಕಂದ್ರೆ ಆ ಪತ್ರ ಯಾರ ಹೆಸರಿಗೆ ಬೇಕಾದ್ರೂ ಹೊಂದುತ್ತೆ. ಹಾಗಾಗಿ ತಂಗಿಗೆ ನಾನು ಹೇಳಿದ್ದು, ಕೆಲಸವನ್ನ ಎರಡು ಭಾಗ ಮಾಡು ಅಂತ. ಮೊದಲು ಬರೀ ಕೇಳೋದು, ಅವರು ಹೂಂ ಅಥವಾ ಉಹುಂ ಅನ್ನೋ ಹಾಗೆ. ಹೂಂ ಅಂದ ಮೇಲೆ ವಿವರ ಕಳಿಸೋದು. ಎರಡನ್ನೂ ಒಟ್ಟಿಗೆ ಕಳಿಸಿದ್ರೆ, ಅವರು ಒಪ್ಪೇಬಿಟ್ಟಿದ್ದಾರೆ ಅಂತ ನೀನೇ ತೀರ್ಮಾನ ಮಾಡಿದ ಹಾಗೆ ಕಾಣುತ್ತೆ. ಮೂರು ಅಟ್ಯಾಚ್‌ಮೆಂಟ್ ನೋಡಿದ ತಕ್ಷಣ "ಆಮೇಲೆ ನೋಡೋಣ" ಅನ್ನೋದು ಮನುಷ್ಯ ಸ್ವಭಾವ.

ಮೊದಲ ಮೆಸೇಜು ನಾವಿಬ್ಬರೂ ಕೂತು ಬರೆದ್ವಿ. ಸರ್ ನಮ್ಮ ಕಡೆಯವರೇ, ಲ್ಯಾಬ್‌ನಲ್ಲಿ ಕನ್ನಡದಲ್ಲೇ ಮಾತು, ಹಾಗಾಗಿ ಮೆಸೇಜೂ ಕನ್ನಡದಲ್ಲೇ. ಓದ್ತೀನಿ ಕೇಳಿ:

"ನಮಸ್ಕಾರ ಸರ್, ನಾನು ಇಂಥವಳು, 2021ರ ಜೂನ್‌ನಿಂದ 2023ರ ನವೆಂಬರ್‌ವರೆಗೆ ನಿಮ್ಮ ಲ್ಯಾಬ್‌ನಲ್ಲಿ ಕೆಮಿಸ್ಟ್ ಆಗಿದ್ದೆ. ಆಗ ಅಮ್ಮನ ಆಪರೇಷನ್‌ಗೋಸ್ಕರ ದಿಢೀರಂತ ಹೊರಡಬೇಕಾಯ್ತು, ಅದರಿಂದ ನಿಮಗೆ ತೊಂದರೆ ಆಗಿದ್ದು ನನಗೆ ಗೊತ್ತಿದೆ ಸರ್. ಈಗ ಐರ್ಲೆಂಡಿನಲ್ಲಿ ಆಹಾರ ವಿಜ್ಞಾನದ ಎಂಎಸ್ಸಿಗೆ ಅರ್ಜಿ ಹಾಕ್ತಾ ಇದ್ದೀನಿ, ಅದಕ್ಕೆ ಕೆಲಸದಲ್ಲಿ ಮೇಲ್ವಿಚಾರಕರಾಗಿದ್ದವರ ಒಂದು ರೆಫರೆನ್ಸ್ ಬೇಕು. ಟ್ಯಾಂಕರ್ ಸ್ಯಾಂಪಲ್ ಕೆಲಸ ನಾನು ಹೇಗೆ ಮಾಡ್ತಿದ್ದೆ ಅಂತ ಹತ್ತಿರದಿಂದ ನೋಡಿದವರು ನೀವೇ ಆದ್ದರಿಂದ ನಿಮ್ಮನ್ನ ಕೇಳ್ತಾ ಇದ್ದೀನಿ. ಒಂದು ಪುಟದ ಪತ್ರ ಸರ್, ವಿಶ್ವವಿದ್ಯಾಲಯದಿಂದ ನಿಮ್ಮ ಮೇಲ್‌ಗೆ ಬರೋ ಲಿಂಕ್‌ನಲ್ಲಿ ಅಪ್‌ಲೋಡ್ ಮಾಡಬೇಕು, ಕೊನೇ ದಿನ ಜನವರಿ 31, ಆದ್ರೆ 25ರೊಳಗೆ ಸಾಧ್ಯವಾದ್ರೆ ನನಗೆ ನಿರಾಳ. ನನ್ನ ಬಗ್ಗೆ ಒಳ್ಳೇ ರೀತೀಲಿ ಬರೆಯಬಹುದು ಅಂತ ನಿಮಗೆ ಅನಿಸಿದ್ರೆ ಈಗಿನ ಮೇಲ್ ಐಡಿ ತಿಳಿಸಿ, ಬೇಕಾದ ವಿವರವನ್ನೆಲ್ಲ ಒಂದು ಪುಟದಲ್ಲಿ ಕಳಿಸ್ತೀನಿ. ಸಮಯ ಸಿಗಲ್ಲ ಅಥವಾ ಬರೆಯೋದು ಕಷ್ಟ ಅನಿಸಿದ್ರೆ ಖಂಡಿತ ಬೇಜಾರಿಲ್ಲ ಸರ್, ಒಂದು ಮಾತು ತಿಳಿಸಿದ್ರೆ ಬೇರೆಯವರನ್ನ ಕೇಳ್ಕೊಳ್ತೀನಿ."

ಏಳು ವಾಕ್ಯ. ಇದರಲ್ಲಿ ಮೂರ್ನಾಲ್ಕು ವಾಕ್ಯದ ಬಗ್ಗೆ ನಮ್ಮಿಬ್ಬರ ಮಧ್ಯೆ ಜಗಳಾನೇ ಆಯ್ತು, ಅದನ್ನ ಹೇಳ್ತೀನಿ.

ಮೊದಲನೇ ವಾಕ್ಯದಲ್ಲಿ ತಾರೀಖು ಯಾಕೆ, ಸರ್‌ಗೆ ನಾನು ಗೊತ್ತಲ್ಲ ಅಂತ ಅವಳು. ಗೊತ್ತು, ಆದ್ರೆ ಪತ್ರದ ಮೊದಲ ಸಾಲೇ "ಇವರು ಇಂಥ ದಿನದಿಂದ ಇಂಥ ದಿನದವರೆಗೆ ನನ್ನ ಕೈಕೆಳಗೆ ಕೆಲಸ ಮಾಡಿದ್ರು" ಅಂತ ಇರುತ್ತೆ. ಮೆಸೇಜ್ ಓದ್ತಿದ್ದ ಹಾಗೇ ಆ ಸಾಲು ಅವರ ಕೈಗೆ ಸಿಕ್ತು ಅಂತಾಯ್ತು. ನಂಬರ್ ಸೇವ್ ಇಲ್ಲದಿದ್ರೂ ಯಾರು ಅಂತ ತಲೆ ಕೆಡಿಸ್ಕೊಳ್ಳೋ ಹಾಗಿಲ್ಲ.

ಎರಡನೇ ವಾಕ್ಯ, ಅಂದ್ರೆ ದಿಢೀರ್ ಬಿಟ್ಟು ಹೋದ ವಿಷಯ. ಅವಳು ಇದನ್ನ ಹತ್ತು ಸಾಲು ಬರೆದಿದ್ಲು. ಆಸ್ಪತ್ರೆ, ಅಡ್ಮಿಷನ್, ದುಡ್ಡು, ಅಪ್ಪನ ಊರು, ಎಲ್ಲಾ. ನಾನು ಒಂದಕ್ಕೆ ಇಳಿಸಿದೆ. ಪೂರ್ತಿ ಬಿಟ್ಟುಬಿಡೋಣ ಅಂದ್ರೆ ಅದೂ ಸರಿಯಲ್ಲ, ಇಬ್ಬರಿಗೂ ನೆನಪಿರೋ ವಿಷಯ ಅದು. ಒಂದು ಸಾಲಿನಲ್ಲಿ ಕಾರಣ, ಅದೇ ಸಾಲಿನಲ್ಲಿ ಅವರಿಗಾದ ತೊಂದರೆ. ಅಲ್ಲಿಗೆ ಮುಗೀತು. ಹತ್ತು ಸಾಲು ಬರೆದ್ರೆ ಮೆಸೇಜ್ ರೆಫರೆನ್ಸ್ ಕೇಳೋಕೋ ಕ್ಷಮೆ ಕೇಳೋಕೋ ಅಂತ ಅವರಿಗೇ ಗೊತ್ತಾಗಲ್ಲ. ನೀವು ಮಾಮೂಲಿಯಾಗಿ ನೋಟಿಸ್ ಮುಗಿಸಿ ಬಿಟ್ಟವರಾದ್ರೆ ಈ ವಾಕ್ಯ ನಿಮಗೆ ಬೇಕಾಗಿಲ್ಲ, ಬಿಡಿ.

ನಾಲ್ಕನೆಯದು ನನ್ನ ಇಷ್ಟದ ವಾಕ್ಯ. ಯಾಕೆ ಇವರನ್ನೇ ಕೇಳ್ತಿದ್ದೀಯ ಅನ್ನೋದು. "ನೀವು ಅಂದ್ರೆ ನನಗೆ ತುಂಬಾ ಗೌರವ ಸರ್" ಅಂತ ಅವಳು ಬರೆದಿದ್ಲು. ಗೌರವ ಇರ್ಲಿ, ಅದರಿಂದ ಅವರಿಗೆ ಬರೆಯೋಕೆ ಏನೂ ಸಿಗಲ್ಲ. "ಟ್ಯಾಂಕರ್ ಸ್ಯಾಂಪಲ್ ಕೆಲಸ" ಅಂದ ತಕ್ಷಣ ಅವರ ಕಣ್ಣಮುಂದೆ ಬೆಳಗಿನ ಜಾವದ ಲ್ಯಾಬು, ಗೇಟಿನ ಹತ್ರ ನಿಂತ ಟ್ಯಾಂಕರ್ ಸಾಲು, ಎಲ್ಲಾ ಬರುತ್ತೆ. ಪತ್ರ ಅಲ್ಲಿಂದಾನೇ ಶುರುವಾಗುತ್ತೆ.

ಆರು ಮತ್ತು ಏಳು ಒಟ್ಟಿಗೆ ಕೆಲಸ ಮಾಡೋ ವಾಕ್ಯಗಳು. "ರೆಫರೆನ್ಸ್ ಕೊಡ್ತೀರಾ?" ಅಂತಷ್ಟೇ ಕೇಳಿದ್ರೆ, ನಿಮ್ಮ ಬಗ್ಗೆ ಒಳ್ಳೇ ಅಭಿಪ್ರಾಯ ಇಲ್ಲದವರೂ ದಾಕ್ಷಿಣ್ಯಕ್ಕೆ ಹೂಂ ಅಂದುಬಿಡ್ತಾರೆ. ನಮ್ಮ ಕಡೆ ಮುಖದ ಮೇಲೆ ಇಲ್ಲ ಅನ್ನೋರು ಕಮ್ಮಿ. ಆಮೇಲೆ ಬರೋದು ನಾಲ್ಕೇ ಸಾಲಿನ ತಣ್ಣನೆಯ ಪತ್ರ. ಅದು ಪತ್ರವೇ ಇಲ್ಲದ್ದಕ್ಕಿಂತ ಕೆಟ್ಟದ್ದು, ಮತ್ತು ನಿಮಗದು ಗೊತ್ತೂ ಆಗಲ್ಲ, ಯಾಕಂದ್ರೆ ಪತ್ರ ನಿಮಗೆ ಕಾಣ್ಸೋದೇ ಇಲ್ಲ. "ಒಳ್ಳೇ ರೀತೀಲಿ ಬರೆಯಬಹುದು ಅನಿಸಿದ್ರೆ" ಅಂತ ಕೇಳಿ, ಮುಂದಿನ ಸಾಲಿನಲ್ಲೇ ಬಾಗಿಲು ತೆರೆದಿಟ್ಟರೆ, ಮನಸ್ಸಿಲ್ಲದವರು ಮರ್ಯಾದೆಯಿಂದ "ಸ್ವಲ್ಪ ಬ್ಯುಸಿ ಇದ್ದೀನಮ್ಮ" ಅಂದು ಹೊರಗೆ ಹೋಗಬಹುದು. ನಿಮಗೂ ದಿನ ಉಳಿಯುತ್ತೆ.

ಇಲ್ಲ ಅನ್ನೋದಕ್ಕೆ ಯಾವಾಗ್ಲೂ ಅಸಮಾಧಾನವೇ ಕಾರಣ ಅಂತ ತಿಳ್ಕೋಬೇಡಿ. ಎಷ್ಟೋ ಕಂಪನಿಗಳಲ್ಲಿ ಮ್ಯಾನೇಜರ್‌ಗಳು ಹಳೇ ನೌಕರರ ಬಗ್ಗೆ ಲೆಟರ್‌ಹೆಡ್‌ನಲ್ಲಿ ಏನನ್ನೂ ಬರೆಯೋ ಹಾಗಿಲ್ಲ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟನ್ನ ಮಾತ್ರ ಎಚ್‌ಆರ್ ಖಾತ್ರಿ ಮಾಡುತ್ತೆ. ಅಂಥಾ ಉತ್ತರ ಬಂದ್ರೆ ಎಚ್‌ಆರ್‌ನಿಂದ ಅನುಭವ ಪತ್ರ ತಗೊಳ್ಳಿ, ಕೆಲಸದ ಗುಣ ಹೇಳೋಕೆ ನಿಮ್ಮ ಕೆಲಸ ನೋಡಿದ ಇನ್ನೊಬ್ಬ ಹಿರಿಯರನ್ನ ಕೇಳಿ. ತಂಗಿಯ ಮನಸ್ಸಲ್ಲೂ ಶಿಫ್ಟ್ ಇನ್‌ಚಾರ್ಜ್ ಆಗಿದ್ದ ಒಬ್ಬ ಮೇಡಂ ಹೆಸರು ಎರಡನೇ ಆಯ್ಕೆಯಾಗಿ ಇತ್ತು.

ಮೆಸೇಜು ಹೋಗಿದ್ದು ಜನವರಿ 10ರ ಸಂಜೆ ಏಳು ಗಂಟೆಗೆ. ಬೆಳಿಗ್ಗೆ ಬೇಡ ಅಂದಿದ್ದೆ, ಹಾಲಿನ ಘಟಕದವರಿಗೆ ಬೆಳಿಗ್ಗೆ ಅನ್ನೋದು ಯುದ್ಧದ ಹೊತ್ತು. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ. ಅವಳು ರಾತ್ರಿಯೆಲ್ಲ ಆ ಟಿಕ್ ನೋಡ್ಕೊಂಡು ಕೂತಿದ್ಲಂತೆ. ಮಾರನೇ ದಿನ ಮಧ್ಯಾಹ್ನ ಸರ್ ಫೋನೇ ಮಾಡಿದ್ರು. ಮೊದಲ ಮಾತು, "ಏನಮ್ಮ, ಅಮ್ಮ ಹೇಗಿದ್ದಾರೆ ಈಗ?"

ಬರೀತೀನಿ ಅಂದ್ರು. ಜೊತೆಗೆ ಇನ್ನೊಂದು ಮಾತು, "ನೀನೇ ಒಂದು ಡ್ರಾಫ್ಟ್ ಮಾಡಿ ಕಳಿಸಿಬಿಡು, ಸಹಿ ಹಾಕ್ತೀನಿ." ಈ ಮಾತು ನಿಮ್ಮಲ್ಲಿ ಬಹುತೇಕರಿಗೆ ಬರುತ್ತೆ. ಪ್ರೀತಿಯಿಂದಲೇ ಹೇಳ್ತಾರೆ. ಆದ್ರೂ ಒಪ್ಕೋಬೇಡಿ. ರೆಫರೆನ್ಸ್ ಅನ್ನೋದು ನಿಮ್ಮನ್ನ ನೋಡಿದವರ ಸ್ವಂತ ಮಾತಾಗಿರ್ಬೇಕು ಅನ್ನೋದೇ ಅದರ ಅರ್ಥ. ಅರ್ಜಿದಾರರೇ ಬರೆಯಬಾರದು ಅಂತ ಸ್ಪಷ್ಟವಾಗಿ ಹೇಳೋ ವಿಶ್ವವಿದ್ಯಾಲಯಗಳೂ ಇವೆ. ಅದಲ್ಲದೆ, ನಿಮ್ಮ ಉದ್ದೇಶ ಪತ್ರ ಬರೆದ ಕೈಯೇ ರೆಫರೆನ್ಸೂ ಬರೆದ್ರೆ ಎರಡರ ಶೈಲಿ ಒಂದೇ ಥರ ಇರುತ್ತೆ, ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದೋರಿಗೆ ಅದು ಕಾಣುತ್ತೆ. ಇನ್ನು ಸರ್ ಹೆಸರಲ್ಲಿ ಹೊಸ ಮೇಲ್ ಐಡಿ ಮಾಡಿ ನಾವೇ ಅಪ್‌ಲೋಡ್ ಮಾಡ್ತೀವಿ ಅನ್ನೋ ಏಜೆಂಟರು ಸಿಕ್ಕಿದ್ರೆ ಅಲ್ಲಿಂದ ಎದ್ದು ಬನ್ನಿ. ಅದು ವಂಚನೆ, ಗೊತ್ತಾದ ದಿನ ಸೀಟು ಹೋಗುತ್ತೆ.

ತಂಗಿ ಹೇಳಿದ್ದು ಇಷ್ಟು: "ಸರ್, ಪತ್ರ ನಿಮ್ಮ ಮಾತಲ್ಲೇ ಇರಬೇಕು ಅಂತ ಅವರ ನಿಯಮ. ಆದ್ರೆ ನಿಮಗೆ ಏನೂ ಹುಡುಕೋ ಕೆಲಸ ಇರಲ್ಲ, ಎಲ್ಲಾ ಪಾಯಿಂಟ್ ಹಾಕಿ ಕಳಿಸ್ತೀನಿ." ಅವರಿಗೂ ಬೇಕಾಗಿದ್ದು ಅದೇ. ಡ್ರಾಫ್ಟ್ ಕೇಳೋರಲ್ಲಿ ಹೆಚ್ಚಿನವರಿಗೆ ಸೋಮಾರಿತನ ಇರಲ್ಲ, ಖಾಲಿ ಪುಟದ ಭಯ ಇರುತ್ತೆ.

ಈಗ ಆ ಒಂದು ಪುಟ. ಪತ್ರ ಇಂಗ್ಲಿಷಲ್ಲಿ ಹೋಗ್ಬೇಕು, ಹಾಗಾಗಿ ಪುಟವನ್ನೂ ಇಂಗ್ಲಿಷಲ್ಲೇ ಮಾಡಿದ್ವಿ. ಅವರು ಪದ ಹುಡುಕೋದು ಬೇಡ ಅಂತ. ನಾನಿಲ್ಲಿ ಕನ್ನಡದಲ್ಲಿ ಹೇಳ್ತೀನಿ.

ಮೇಲ್ಗಡೆ ಅವಳ ಹೆಸರು, ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೆ. ನಮ್ಮಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿ, ಅರ್ಜಿಯಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು ಹೆಸರು ಆಗೋದು ಮಾಮೂಲು. ಆಮೇಲೆ ಸೇರಿದ ದಿನ, ಬಿಟ್ಟ ದಿನ, ಸೇರಿದಾಗಿನ ಹುದ್ದೆ, ಬಿಡುವಾಗಿನ ಹುದ್ದೆ. ಸರ್ ಆಗ ಯಾವ ಹುದ್ದೆಯಲ್ಲಿದ್ರು ಅನ್ನೋದನ್ನೂ ಬರೆದ್ವಿ, ಅವರ ಬಡ್ತಿಗಳು ಅವರಿಗೇ ಗೊಂದಲ ಆಗಿರಬಹುದಲ್ಲ.

ಪುಟದ ಜೀವ ಇರೋದು ನಂತರದ ಭಾಗದಲ್ಲಿ. ಸರ್ ಕಣ್ಣಾರೆ ನೋಡಿದ ಮೂರು ಕೆಲಸ. ಮೂರೇ, ಹನ್ನೆರಡಲ್ಲ. ಅವಳು ಮೊದಲು ರೆಸ್ಯೂಮೆಯಿಂದ ಕಾಪಿ ಮಾಡಿದ್ಲು, "ಹಾಲಿನ ಗುಣಮಟ್ಟ ಪರೀಕ್ಷೆ ನಿರ್ವಹಣೆ" ಅಂತ. ಅದರಿಂದ ಯಾರು ಏನು ಬರೀತಾರೆ? ಮೊದಲು ಹೇಗಿತ್ತು, ನೀನು ಏನು ಮಾಡಿದೆ, ಆಮೇಲೆ ಏನಾಯ್ತು, ಆಗ ಸರ್ ಎಲ್ಲಿದ್ರು, ಈ ನಾಲ್ಕನ್ನ ಕಥೆ ಹೇಳೋ ಹಾಗೆ ಹೇಳು ಅಂದೆ.

ಆಗ ಬಂತು ನೋಡಿ. ಬೆಳಿಗ್ಗೆ ಟ್ಯಾಂಕರ್‌ಗಳು ಒಟ್ಟಿಗೆ ಬರ್ತವೆ. ಪ್ರತಿಯೊಂದರ ಸ್ಯಾಂಪಲ್ ತೆಗೆದು ಉಷ್ಣತೆ, ಆಮ್ಲೀಯತೆ, ಕೊಬ್ಬಿನಂಶ ಎಲ್ಲಾ ನೋಡಿದ ಮೇಲೇ ಹಾಲು ಇಳಿಸೋಕೆ ಬಿಡೋದು. ಕೊಬ್ಬು ನೋಡೋಕೆ ಗರ್ಬರ್ ವಿಧಾನ, ಅದಕ್ಕೆ ಬ್ಯುಟಿರೋಮೀಟರ್ ಅನ್ನೋ ಗಾಜಿನ ಕೊಳವೆಗಳು ಬೇಕು. ಟ್ಯಾಂಕರ್ ಬಂದ ಮೇಲೆ ಕೊಳವೆ ತೊಳೆದು, ಒಣಗಿಸಿ, ನಂಬರ್ ಹಚ್ಚೋದರಲ್ಲೇ ಹೊತ್ತು ಹೋಗ್ತಿತ್ತು. ಇವಳು ಹಿಂದಿನ ಶಿಫ್ಟ್ ಮುಗಿಯೋ ಮೊದಲೇ ಮಾರನೇ ದಿನದ ಟ್ಯಾಂಕರ್ ಕ್ರಮದಲ್ಲಿ ಕೊಳವೆ ಜೋಡಿಸಿ ಇಡೋ ಪದ್ಧತಿ ಶುರು ಮಾಡಿದ್ಲು. ಒಂದು ಟ್ಯಾಂಕರ್‌ಗೆ ಹತ್ತಿರ ಹತ್ತಿರ 50 ನಿಮಿಷ ಹಿಡೀತಿದ್ದ ಪರೀಕ್ಷೆ 35ಕ್ಕೆ ಇಳೀತು. ಸರ್ ಅದನ್ನ ಎಲ್ಲಾ ಶಿಫ್ಟಿಗೂ ಕಡ್ಡಾಯ ಮಾಡಿದ್ರು. ಪುಟದಲ್ಲಿ ಇದು ನಾಲ್ಕು ಸಾಲು.

ಎರಡನೆಯದು ಒಂದು ದಿನದ ಘಟನೆ. ಹುಳಿ ಬರ್ತಿರೋ ಹಾಲಿಗೆ ಸೋಡಾ ಬೆರೆಸಿ ಆಮ್ಲೀಯತೆ ಮುಚ್ಚಿಡೋದು ಹಳೇ ಕಲಬೆರಕೆ. ಅದನ್ನ ಹಿಡಿಯೋಕೆ ರೋಸಾಲಿಕ್ ಆಸಿಡ್ ಪರೀಕ್ಷೆ ಮಾಡ್ತಾರೆ, ಸೋಡಾ ಇದ್ರೆ ಗುಲಾಬಿ ಕೆಂಪು ಬಣ್ಣ ಬರುತ್ತೆ. ಒಂದು ಬೆಳಿಗ್ಗೆ ಬಣ್ಣ ಬಂತು. ಡ್ರೈವರ್ ಗಲಾಟೆ, ಇಳಿಸೋಕೆ ಬಿಡಿ ಅಂತ ಒತ್ತಡ. ಇವಳು ಗಾಬರಿಯಾಗಲಿಲ್ಲ, ತಕ್ಷಣ ವರದೀನೂ ಬರೀಲಿಲ್ಲ. ಇನ್ನೊಬ್ಬರ ಕೈಯಲ್ಲಿ ಎರಡನೇ ಸ್ಯಾಂಪಲ್ ತೆಗೆಸಿ, ಹೊಸ ದ್ರಾವಣದಲ್ಲಿ ಮತ್ತೆ ಪರೀಕ್ಷೆ ಮಾಡಿ, ಅದೇ ಬಣ್ಣ ಬಂದ ಮೇಲೆ ಸರ್‌ನ ಕರೆದ್ಲು. ಟ್ಯಾಂಕರ್ ವಾಪಸ್ ಹೋಯ್ತು. ಈ ಘಟನೆಯಲ್ಲಿ ನಾವು ಎಚ್ಚರಿಕೆಯಿಂದ ಬಿಟ್ಟಿದ್ದು, ಯಾರ ಟ್ಯಾಂಕರ್ ಅನ್ನೋದು, ಅದರ ನಂಬರು, ತಾರೀಖು. ಹಳೇ ಕಂಪನಿಯ ಒಳಗಿನ ವಿಷಯ ಹೊರಗಿನ ಪತ್ರಕ್ಕೆ ಹೋಗಬಾರದು, ಅದರಿಂದ ಸರ್‌ಗೇ ತೊಂದರೆ. ಅವಳ ಗುಣ ತೋರಿಸೋಕೆ ಆ ಹೆಸರು ಬೇಕಾಗೂ ಇಲ್ಲ.

ಮೂರನೆಯದು, ಹೊಸದಾಗಿ ಬಂದ ಇಬ್ಬರು ಸಹಾಯಕರಿಗೆ ಟೈಟ್ರೇಷನ್ ಕಲಿಸಿದ್ದು, ಅದಕ್ಕೆ ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ದು. ಅದು ಇನ್ನೂ ಅಲ್ಲೇ ಇದೆಯಂತೆ.

ಇಷ್ಟರ ಕೆಳಗೆ ಎರಡು ಸಾಲಿನಲ್ಲಿ ಅವಳ ಒಂದು ಕೊರತೆ ಬರೆಸಿದೆ. ಅವಳು ಬೇಡ ಅಂದ್ಲು. ಆದ್ರೆ ರೆಫರಿಗೆ ಕೆಲವೊಮ್ಮೆ ಪತ್ರದ ಜೊತೆ ಪ್ರಶ್ನಾವಳಿ ಕೂಡ ಬರುತ್ತೆ, ಅದರಲ್ಲಿ "ಯಾವ ವಿಷಯದಲ್ಲಿ ಸುಧಾರಿಸಬೇಕು" ಅಂತ ಕೇಳೋದುಂಟು. ಮೊದಮೊದಲು ಮೀಟಿಂಗ್‌ಗಳಲ್ಲಿ ಬಾಯೇ ತೆಗೀತಿರಲಿಲ್ಲ, ಎರಡನೇ ವರ್ಷದಿಂದ ವಾರದ ವರದಿಯನ್ನ ತಾನೇ ಓದೋಕೆ ಶುರು ಮಾಡಿದ್ಲು ಅಂತ ಹಾಕಿದ್ವಿ. ನಿಜವಾದ ಮಾತು, ಸರ್‌ಗೂ ಗೊತ್ತಿರೋದು. "ಬಳಸಬೇಕಾ ಬೇಡ್ವಾ ನೀವೇ ನೋಡಿ ಸರ್" ಅಂತ ಪಕ್ಕದಲ್ಲಿ.

ಕೋರ್ಸಿನ ಬಗ್ಗೆ ಎರಡೇ ಸಾಲು ಮತ್ತು ಲಿಂಕು. ಆಹಾರ ಸುರಕ್ಷತೆ ಆ ಕೋರ್ಸಿನ ಮುಖ್ಯ ಭಾಗ, ಆದ್ದರಿಂದ ರೋಸಾಲಿಕ್ ದಿನದ ಘಟನೆ ಅವರಿಗೆ ಹೆಚ್ಚು ಉಪಯೋಗ ಅಂತ ಒಂದು ಸೂಚನೆ. ರೆಸ್ಯೂಮೆ ಜೊತೆಗೆ ಲಗತ್ತಿಸಿದ್ವಿ, ಬೇಕಾದ್ರೆ ನೋಡ್ಲಿ ಅಂತ.

ಕೊನೆಗೆ ಕಳಿಸೋ ವಿಧಾನ. ಜನ ಎಡವೋದು ಇಲ್ಲೇ. ಲಿಂಕ್ ಯಾವ ವಿಳಾಸದಿಂದ ಬರುತ್ತೆ, ಮೇಲ್‌ನ ವಿಷಯದ ಸಾಲಿನಲ್ಲಿ ಏನಿರುತ್ತೆ, ಸ್ಪ್ಯಾಮ್ ಫೋಲ್ಡರ್‌ನಲ್ಲೂ ನೋಡಿ ಅಂತ. ಪತ್ರ ಪಿಡಿಎಫ್ ಆಗಿರ್ಬೇಕು, ಸಹಿ ಮತ್ತು ದಿನಾಂಕ ಇರ್ಬೇಕು. ಮೇಲ್ ಐಡಿ ಆಫೀಸಿನದ್ದೇ ಆಗಿರ್ಬೇಕು ಅಂತ ಈ ವಿಶ್ವವಿದ್ಯಾಲಯ ಕೇಳಿತ್ತು, ಜಿಮೇಲ್ ಆಗಲ್ಲ. ಸರ್ ಈಗ ಬೇರೆ ಕಂಪನೀಲಿ ಇದ್ದಾರಲ್ಲ, ಏನು ಮಾಡೋದು? ಇದಕ್ಕೆ ದಾರಿ ಸುಲಭ. ಅವರು ಈಗಿನ ಹುದ್ದೆ, ಈಗಿನ ಆಫೀಸ್ ಮೇಲ್ ಬಳಸ್ತಾರೆ, ಪತ್ರದಲ್ಲಿ "ಹಿಂದಿನ ಸಂಸ್ಥೆಯಲ್ಲಿ ಇಂಥ ಅವಧಿಯಲ್ಲಿ ಇವರ ಮೇಲ್ವಿಚಾರಕನಾಗಿದ್ದೆ" ಅಂತ ಬರೀತಾರೆ. ಈಗಿನ ಕಂಪನಿಯ ಲೆಟರ್‌ಹೆಡ್ ಬಳಸೋಕೆ ಅವರಿಗೆ ಅನುಮತಿ ಇರಲಿಲ್ಲ. ತಂಗಿ ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕಿ ಕೇಳಿದ್ಲು, ಬಿಳಿ ಹಾಳೆ ಸಾಕು, ಹುದ್ದೆ ಮತ್ತು ಸಂಪರ್ಕ ಇದ್ರೆ ಆಯ್ತು ಅಂತ ಉತ್ತರ ಬಂತು. ಎಲ್ಲಾ ಕಡೆ ಹೀಗೇ ಇರುತ್ತೆ ಅಂತಲ್ಲ, ನಿಮ್ಮ ವಿಶ್ವವಿದ್ಯಾಲಯದ ನಿಯಮ ಓದಿ, ಅನುಮಾನ ಇದ್ರೆ ನೀವೇ ಕೇಳಿ. ಆ ಓಡಾಟ ರೆಫರಿಯ ತಲೆಗೆ ಕಟ್ಟಬೇಡಿ.

ಗಡಿಯಾರದ ವಿಷಯ ಒಂದು. ಐರ್ಲೆಂಡಿನ ಜನವರಿ 31ರ ರಾತ್ರಿ 11:59 ಅಂದ್ರೆ ನಮಗೆ ಫೆಬ್ರವರಿ 1ರ ಬೆಳಗಿನ ಜಾವ 5:29. ಇದನ್ನ ಅವಳು ಸರ್‌ಗೆ ಹೇಳೋಕೆ ಹೊರಟಿದ್ಲು, ನಾನು ತಡೆದೆ. ನಿಮ್ಮ ಸಮಾಧಾನಕ್ಕೆ ಗೊತ್ತಿರ್ಲಿ, ಅವರಿಗೆ ಬೇಕಾಗಿರೋದು 25 ಅನ್ನೋ ಒಂದು ತಾರೀಖು. ಹಾಗಂತ "25ಕ್ಕೆ ಕ್ಲೋಸ್ ಆಗುತ್ತೆ ಸರ್" ಅಂತ ಸುಳ್ಳು ಹೇಳಬೇಡಿ. ಲಿಂಕ್ ತೆಗೆದ ತಕ್ಷಣ ನಿಜವಾದ ದಿನ ಅಲ್ಲೇ ಕಾಣುತ್ತೆ.

ಪುಟ 12ನೇ ತಾರೀಖು ಹೋಯ್ತು. ಪೋರ್ಟಲ್‌ನಲ್ಲಿ ಹಳೇ ಐಡಿ ತೆಗೆದು ಹೊಸದು ಹಾಕಿದ್ಲು, ಲಿಂಕ್ ಹೋದ ಹೊತ್ತಿಗೇ "ಸರ್, ಲಿಂಕ್ ಈಗ ಬಂದಿರುತ್ತೆ" ಅಂತ ಒಂದು ಸಾಲು. ಆಮೇಲೆ ಮೌನ. 22ಕ್ಕೆ ಒಂದೇ ಒಂದು ನೆನಪಿಸೋ ಮೆಸೇಜು: "ಸರ್, ಲಿಂಕ್ ತೆಗೆಯೋಕೆ ಏನಾದ್ರೂ ತೊಂದರೆ ಆಗ್ತಿದೆಯಾ? ಬೇಕಾದ್ರೆ ಮತ್ತೆ ಕಳಿಸೋ ಹಾಗೆ ಮಾಡ್ತೀನಿ." ಬರೆದ್ರಾ ಅಂತ ಕೇಳೋ ಬದಲು ತೊಂದರೆ ಇದೆಯಾ ಅಂತ ಕೇಳಿದ್ರೆ ತಗಾದೆ ಮಾಡಿದ ಹಾಗೆ ಆಗಲ್ಲ. ದಿನಾ ಗುಡ್ ಮಾರ್ನಿಂಗ್ ಕಳಿಸೋದು ಬೇಡ, ಅದೂ ತಗಾದೆಯೇ ಅಂತ ಎಲ್ಲರಿಗೂ ಗೊತ್ತು.

ಕೆಲಸಕ್ಕೆ ರೆಫರೆನ್ಸ್ ಕೇಳೋರಿಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಅಲ್ಲಿ ಪತ್ರದ ಬದಲು ಬಹಳ ಸಲ ಫೋನು ಅಥವಾ ಸಣ್ಣ ಫಾರಂ ಬರುತ್ತೆ. ಮೆಸೇಜು ಅದೇ ಏಳು ಸಾಲು. ಜೊತೆಗೆ ಯಾವ ಕಂಪನಿಯಿಂದ, ಸುಮಾರು ಯಾವಾಗ ಕರೆ ಬರಬಹುದು, ಯಾವ ಹುದ್ದೆಗೆ ಅಂತ ತಿಳಿಸಿ. ಒಂದು ಪುಟದ ಬದಲು ಐದಾರು ಸಾಲು ಸಾಕು. ಕೇಳದೇ ಅವರ ನಂಬರ್ ಮಾತ್ರ ಎಲ್ಲೂ ಕೊಡಬೇಡಿ. ಮೀಟಿಂಗ್ ಮಧ್ಯೆ ಅಪರಿಚಿತ ನಂಬರ್‌ನಿಂದ ನಿಮ್ಮ ಬಗ್ಗೆ ಪ್ರಶ್ನೆ ಬಂದ್ರೆ ಎಂಥವರಾದ್ರೂ "ಹೌದು, ಇದ್ರು" ಅಂತ ಹೇಳಿ ಇಟ್ಟುಬಿಡ್ತಾರೆ.

24ರ ರಾತ್ರಿ ಸರ್ ತಂಗಿಗೆ ಫೋನ್ ಮಾಡಿದ್ರು. ಪ್ರಶ್ನೆ ಒಂದೇ. "ಅವತ್ತು ಬಣ್ಣ ಬಂದಾಗ ಎರಡನೇ ಸ್ಯಾಂಪಲ್ ತೆಗೆಸಿದ್ದೆಯಲ್ಲ, ಅದು ನನ್ನ ಕೇಳಿ ಮಾಡಿದ್ದೋ, ನೀನಾಗೇ ಮಾಡಿದ್ದೋ?" ನಾನಾಗೇ ಮಾಡಿದ್ದು ಸರ್, ನೀವು ಆಗ ಇನ್ನೂ ಬಂದಿರಲಿಲ್ಲ ಅಂದ್ಲು. "ಹಾಂ, ಹಂಗೇ ನೆನಪು ನಂಗೂ. ಬರಿಯೋದಕ್ಕೆ ಮುಂಚೆ ಕೇಳೋಣ ಅಂತ" ಅಂದು ಫೋನ್ ಇಟ್ರು. ಮಾರನೇ ದಿನ ಸಂಜೆ ಪೋರ್ಟಲ್‌ನಲ್ಲಿ "ಬಾಕಿ" ಹೋಗಿ "ಸ್ವೀಕರಿಸಲಾಗಿದೆ" ಅಂತ ಬಂತು.

ಅವಳು ಅವತ್ತೇ ಎರಡು ಸಾಲು ಧನ್ಯವಾದ ಕಳಿಸಿದ್ಲು, ಫಲಿತಾಂಶ ಏನೇ ಬಂದ್ರೂ ತಿಳಿಸ್ತೀನಿ ಸರ್ ಅಂತ. ಉತ್ತರವಾಗಿ ಬಂದಿದ್ದು ಒಂದು ಫೋಟೋ, ಹಳೇ ಲ್ಯಾಬ್‌ನಲ್ಲಿ ಈಗಲೂ ಇರೋ ಯಾರಿಂದಲೋ ಸರ್ ತರಿಸ್ಕೊಂಡಿದ್ದು. ಗೋಡೆ ಮೇಲೆ ಟೈಟ್ರೇಷನ್ ಹಾಳೆ, ಮೂಲೆಗೆ ಹೊಸ ಸೆಲ್ಲೋಟೇಪು.